ಔಷಧ ಚೀಟಿಯ ಅಂಗರಚನೆ: ಒಂದು ಚಾರಿತ್ರಿಕ ಪರಿಶೀಲನೆ

ಔಷಧ ಚೀಟಿಗೆ ನಾಲ್ಕು ಅಂಗಗಳುಂಟೆಂದು ಔಷಧವಿಜ್ಞಾನದ ಪಠ್ಯಪುಸ್ತಕಗಳು ಅನೇಕ ತಲೆಮಾರುಗಳಿಂದ ಹೇಳುತ್ತ ಬಂದಿವೆ. ಇಂಗ್ಲಿಷ್ ಪುಸ್ತಕಗಳಲ್ಲಿ ಇವುಗಳ ಹೆಸರು ಸೂಪರ್‌ಸ್ಕ್ರಿಪ್ಷನ್, ಇನ್‌ಸ್ಕ್ರಿಪ್ಷನ್, ಸಬ್‌ಸ್ಕ್ರಿಪ್ಷನ್ ಮತ್ತು ಸಿಗ್ನಾಟುರ. ಈ ಲೇಖನದಲ್ಲಿ ಅವನ್ನು ಕ್ರಮವಾಗಿ ಮೇಲ್ಬರಹ, ಒಳಬರಹ, ಕೆಳಬರಹ, ಗುರುತುಬರಹ ಎಂದು ಕರೆಯಲಾಗಿದೆ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಈ ನಾಲ್ಕು ಹೆಸರುಗಳನ್ನು ತಪ್ಪಿಲ್ಲದೆ ಬರೆಯುತ್ತಾರೆ. ಆದರೆ ಒಂದು ಚೀಟಿಯನ್ನೇ ಬರೆಯಬೇಕಾಗಿ ಬಂದಾಗ ಮದ್ದಿನ ಹೆಸರಿನ ಮುಂದೆ ಅದರ ಪ್ರಬಲತೆಯನ್ನು ಬಿಡುತ್ತಾರೆ. ಎಷ್ಟು ದಿನಕ್ಕೆ ಎಂಬುದನ್ನು ಮರೆಯುತ್ತಾರೆ. ರೋಗಿ ಓದಬೇಕಾದ ಸಾಲಿನಲ್ಲಿ ರೋಗಿಗೆ ತಿಳಿಯದ ಎರಡು ಮೂರು ಅಕ್ಷರಗಳನ್ನು ಗೀಚಿ ಮುಗಿಸುತ್ತಾರೆ. ಅಂಗಗಳ ಹೆಸರನ್ನು ಬಲ್ಲವರು ಅವುಗಳನ್ನು ಬಿಟ್ಟುಬಿಡುವುದು ಹೇಗೆ?

ಈ ಪ್ರಶ್ನೆಗೆ ಉತ್ತರವನ್ನು ಚೀಟಿಯ ಚರಿತ್ರೆಯಲ್ಲಿ ಹುಡುಕಬಹುದೆಂದು ತೋರುತ್ತದೆ. ನಾಲ್ಕು ಅಂಗಗಳೂ ಒಬ್ಬನೇ ಓದುಗನಿಗಾಗಿ ಹುಟ್ಟಿದವಲ್ಲ. ಕೆಲವು ಮದ್ದನ್ನು ಕೂಡಿಸುವವನಿಗೆ ಬರೆದವು. ಒಂದು ಮದ್ದನ್ನು ಕುಡಿಯುವವನಿಗೆ ಬರೆದದ್ದು. ಯಾವ ಮಾತು ಯಾರಿಗೆ ಎಂಬುದು ಮರೆತುಹೋದಾಗ ಅಂಗಗಳ ಹೆಸರು ಮಾತ್ರ ಉಳಿಯುತ್ತದೆ. ಮುಂದೆ ಕಾಣುವಂತೆ, ಒಂದು ಅಂಗವು ಇನ್ನೊಂದಕ್ಕೆ ಸಾಕ್ಷಿಯಾಗಿ ನಿಲ್ಲುವುದೂ ಈ ರಚನೆಯ ಗುಣವೇ ಆಗಿದೆ.

ಚೀಟಿಯ ಹುಟ್ಟು

ಮದ್ದನ್ನು ನಿರ್ಣಯಿಸುವವನೂ ಅದನ್ನು ಅರೆದು ಕೊಡುವವನೂ ಒಬ್ಬನೇ ಆಗಿರುವಲ್ಲಿ ಚೀಟಿಗೆ ಕೆಲಸವಿಲ್ಲ. ನಮ್ಮ ನಾಡಿನಲ್ಲಿ ತಾನೇ ಕಷಾಯವನ್ನು ಕಾಸಿ, ಗುಳಿಗೆಯನ್ನು ಉರುಟಿ ಕೊಡುತ್ತಿದ್ದ ವೈದ್ಯನಿಗೆ ಯೋಗದ ದ್ರವ್ಯಗಳು ಬಾಯಿಪಾಠವಾಗಿದ್ದರೆ ಸಾಕಾಗಿತ್ತು. ಅನುಪಾನವನ್ನೂ ಪಥ್ಯವನ್ನೂ ಅವನು ಬಾಯಿಂದಲೇ ಹೇಳುತ್ತಿದ್ದನು. ಗ್ರಂಧಿಗೆ ಅಂಗಡಿಯಿಂದ ದ್ರವ್ಯಗಳನ್ನು ತರಿಸಬೇಕಾದಾಗ ಮಾತ್ರ ಬರಹ ಬೇಕಾಗುತ್ತಿತ್ತು. ಅದು ಸಾಮಾನಿನ ಪಟ್ಟಿಯೇ ಹೊರತು ಮದ್ದನ್ನು ಕೂಡಿಸುವ ವಿಧಿಯಲ್ಲ.

ಯೂರೋಪಿನಲ್ಲಿ ಈ ಎರಡು ವೃತ್ತಿಗಳನ್ನು ಕಾಯಿದೆಯಿಂದ ಬೇರ್ಪಡಿಸಿದ ಪ್ರಸಿದ್ಧ ನಿದರ್ಶನ ಹದಿಮೂರನೆಯ ಶತಮಾನದ ಸಿಸಿಲಿ ರಾಜ್ಯದ್ದು. ಚಕ್ರವರ್ತಿ ಎರಡನೆಯ ಫ್ರೆಡರಿಕನು 1231ರಲ್ಲಿ ಮೆಲ್ಫಿಯಲ್ಲಿ ಶಾಸನಸಂಹಿತೆಯೊಂದನ್ನು ಹೊರಡಿಸಿದನು. ಅದಕ್ಕೆ ಮುಂದಿನ ವರ್ಷಗಳಲ್ಲಿ ಸೇರಿದ ವಿಧಿಗಳು ವೈದ್ಯನು ಔಷಧಗಾರನೊಡನೆ ವ್ಯಾಪಾರದ ಪಾಲುಗಾರಿಕೆ ಇಟ್ಟುಕೊಳ್ಳುವುದನ್ನೂ ಸ್ವಂತ ಔಷಧಾಲಯ ನಡೆಸುವುದನ್ನೂ ನಿಷೇಧಿಸಿದುವು. ಹೀಗೆ ನಿರ್ಣಯಿಸುವವನೊಬ್ಬ, ಕೂಡಿಸುವವನೊಬ್ಬ ಆದಮೇಲೆ ಇಬ್ಬರ ನಡುವೆ ಬರಹವೊಂದು ನಿಲ್ಲಬೇಕಾಯಿತು. ಆ ಬರಹದ ಭಾಷೆ, ಅಂದಿನ ವಿದ್ಯಾವಂತರೆಲ್ಲರ ಭಾಷೆಯಾಗಿದ್ದ ಲ್ಯಾಟಿನ್.

ಚೀಟಿಯ ತಲೆಯಲ್ಲಿ ಇಂದಿಗೂ ಕಾಣುವ ℞ ಎಂಬ ಚಿಹ್ನೆ ಆ ಭಾಷೆಯ ಉಳಿಕೆ. ‘ರೆಕಿಪೆ’ ಎಂಬ ಲ್ಯಾಟಿನ್ ಕ್ರಿಯಾಪದಕ್ಕೆ ‘ನೀನು ತೆಗೆದುಕೊ’ ಎಂದು ಅರ್ಥ. ಅದರ ಮೊದಲಕ್ಷರದ ಕಾಲಿಗೆ ಅಡ್ಡಗೀಟು ಎಳೆದರೆ, ಪದವನ್ನು ಮೊಟಕು ಮಾಡಲಾಗಿದೆ ಎಂದು ಮಧ್ಯಯುಗದ ಲಿಪಿಕಾರರಲ್ಲಿ ಸಂಕೇತವಿತ್ತು. ಇದು ಗುರುಗ್ರಹದ ಚಿಹ್ನೆಯೆಂದೋ ಈಜಿಪ್ಟಿನ ದೇವತೆಯ ಕಣ್ಣೆಂದೋ ಹೇಳುವ ಕತೆಗಳು ರಂಜಕವಾಗಿವೆ. ಆದರೆ ಲಿಪಿಕಾರರ ಪದ್ಧತಿಯೇ ಚಿಹ್ನೆಯನ್ನು ಸಂಪೂರ್ಣವಾಗಿ ವಿವರಿಸುವುದರಿಂದ ಅವು ಬೇಕಾಗುವುದಿಲ್ಲ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಈ ಆಜ್ಞೆ ರೋಗಿಗೆ ಮಾಡಿದ್ದಲ್ಲ. ‘ತೆಗೆದುಕೊ’ ಎಂದರೆ ‘ಔಷಧಗಾರನೇ, ನಿನ್ನ ಭರಣಿಗಳಿಂದ ಇಷ್ಟಿಷ್ಟು ತೆಗೆದುಕೊ’ ಎಂದು. ಮೇಲ್ಬರಹವೆಂಬುದು ಈ ಒಂದು ಕ್ರಿಯಾಪದವೇ. ಅದರ ಕೆಳಗಿನ ದ್ರವ್ಯಗಳ ಹೆಸರುಗಳು ಲ್ಯಾಟಿನ್ನಿನಲ್ಲಿ ಷಷ್ಠೀ ವಿಭಕ್ತಿಯಲ್ಲಿರುವುದಕ್ಕೂ ಇದೇ ಕಾರಣ: ಇಂಥದರ ಇಷ್ಟು ಗ್ರೇನನ್ನು ತೆಗೆದುಕೊ ಎಂಬುದು ಪೂರ್ಣ ವಾಕ್ಯ. ಚೀಟಿಯು ಪಟ್ಟಿಯಂತೆ ಕಂಡರೂ ವ್ಯಾಕರಣದಲ್ಲಿ ಅದೊಂದು ಆಜ್ಞಾವಾಕ್ಯ.

ಹಳೆಯ ಚೀಟಿಯೊಂದರ ಪರೀಕ್ಷೆ

ನಾಲ್ಕು ಅಂಗಗಳು ಪೂರ್ಣವಾಗಿ ಕೆಲಸಮಾಡುತ್ತಿದ್ದ ಕಾಲವನ್ನು ತಿಳಿಯಲು, ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬ್ರಿಟಿಷ್ ಪದ್ಧತಿಯ ಆಸ್ಪತ್ರೆಗಳಲ್ಲಿ ರೂಢಿಯಲ್ಲಿದ್ದ ಬಗೆಯ ಒಂದು ಚೀಟಿಯನ್ನು ಮಾದರಿಯಾಗಿ ಇಟ್ಟುಕೊಳ್ಳೋಣ. ಇದು ಹೊಟ್ಟೆಯುಬ್ಬರಕ್ಕೂ ಹುಳಿತೇಗಿಗೂ ಕೊಡುವ ಮಿಕ್ಸ್ಚರು.

℞
ಸೋಡಿಯೈ ಬೈಕಾರ್ಬೊನೇಟಿಸ್ – 10 ಗ್ರೇನ್
ಸ್ಪಿರಿಟಸ್ ಅಮೋನಿಯೇ ಅರೋಮ್ಯಾಟಿಸೈ – 15 ಮಿನಿಂ
ಟಿಂಕ್ಚುರೇ ಕಾರ್ಡಮೋಮೈ ಕಂಪೋಸಿಟೇ – 20 ಮಿನಿಂ
ಆಕ್ವಾಂ ಮೆಂಥೇ ಪೈಪರಿಟೇ ಆಡ್ – ಅರ್ಧ ಔನ್ಸು
ಮಿಸ್ಕೆ. ಫಿಯಾಟ್ ಮಿಸ್ಟುರಾ. ಮಿಟ್ಟೆ 6 ಔನ್ಸು.
ಸಿಗ್ನಾ: ಅರ್ಧ ಔನ್ಸು, ಟಿ.ಡಿ.ಎಸ್., ಪಿ.ಸಿ.

ಮೇಲ್ಬರಹದ ಅನಂತರ ಬರುವ ನಾಲ್ಕು ಸಾಲುಗಳೂ ಒಳಬರಹ. ಅಡಿಗೆ ಸೋಡ ಇಲ್ಲಿ ಮುಖ್ಯ ದ್ರವ್ಯ. ಅಮೋನಿಯದ ಸುವಾಸಿತ ಸ್ಪಿರಿಟು ಅದಕ್ಕೆ ಸಹಾಯಕ. ಏಲಕ್ಕಿಯ ಟಿಂಕ್ಚರು ರುಚಿಯನ್ನು ತಿದ್ದುವುದರ ಜೊತೆಗೆ ವಾಯುವನ್ನೂ ಕಳೆಯುತ್ತದೆ. ಪುದೀನ ಜಾತಿಯ ಪೆಪ್ಪರ್‌ಮಿಂಟಿನ ನೀರು ಇವೆಲ್ಲವನ್ನೂ ಹೊತ್ತು ಸಾಗಿಸುವ ವಾಹಕ. ಮುಂದಿನ ಸಾಲು ಕೆಳಬರಹ. ಕಲಸು, ಮಿಕ್ಸ್ಚರು ಆಗಲಿ, ಆರು ಔನ್ಸು ಕೊಟ್ಟು ಕಳುಹಿಸು ಎಂದು ಅದು ಕಂಪೌಂಡರಿಗೆ ಹೇಳುತ್ತದೆ. ಕೊನೆಯ ಸಾಲು ಗುರುತುಬರಹ. ‘ಸಿಗ್ನಾ’ ಎಂದರೆ ಗುರುತು ಹಚ್ಚು. ಎಂದರೆ ಸೀಸೆಯ ಚೀಟಿಯಲ್ಲಿ ಇದನ್ನು ಬರೆ. ಆಜ್ಞೆ ಕಂಪೌಂಡರಿಗಾದರೂ ಬರೆಯಬೇಕಾದ ಮಾತು ರೋಗಿಗೆ ಸೇರಿದ್ದು.

ಈ ಚೀಟಿಯ ಅಂಕಿಗಳನ್ನು ಒಂದಕ್ಕೊಂದು ತಾಳೆನೋಡಬಹುದು. ಒಂದು ಹೊತ್ತಿಗೆ ಅರ್ಧ ಔನ್ಸು. ಒಟ್ಟು ಆರು ಔನ್ಸು. ಆದ್ದರಿಂದ ಹನ್ನೆರಡು ಹೊತ್ತಿನ ಮದ್ದು. ದಿನಕ್ಕೆ ಮೂರು ಹೊತ್ತಾದರೆ ನಾಲ್ಕು ದಿನ. ಹಳೆಯ ಅಳತೆಯಲ್ಲಿ 60 ಗ್ರೇನಿಗೆ ಒಂದು ಡ್ರಾಂ, ದ್ರವಗಳಲ್ಲಿ 60 ಮಿನಿಮಿಗೆ ಒಂದು ದ್ರವ ಡ್ರಾಂ, ಎಂಟು ಡ್ರಾಮಿಗೆ ಒಂದು ಔನ್ಸು. ಹನ್ನೆರಡು ಹೊತ್ತಿಗೆ ಸೋಡ 120 ಗ್ರೇನ್, ಎಂದರೆ ಎರಡು ಡ್ರಾಂ. ಸ್ಪಿರಿಟು 180 ಮಿನಿಂ, ಎಂದರೆ ಮೂರು ಡ್ರಾಂ. ಟಿಂಕ್ಚರು 240 ಮಿನಿಂ, ಎಂದರೆ ನಾಲ್ಕು ಡ್ರಾಂ. ಕಂಪೌಂಡರು ಇವನ್ನು ಅಳೆದು, ಉಳಿದ ಜಾಗವನ್ನು ಪೆಪ್ಪರ್‌ಮಿಂಟಿನ ನೀರಿನಿಂದ ಆರು ಔನ್ಸಿನವರೆಗೆ ತುಂಬಿಸುತ್ತಿದ್ದನು.

ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳು ಮನೆಯಿಂದಲೇ ಸೀಸೆ ತರುತ್ತಿದ್ದುದನ್ನೂ, ಕಂಪೌಂಡರು ಅದರ ಪಕ್ಕಕ್ಕೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅಂಟಿಸಿಕೊಡುತ್ತಿದ್ದುದನ್ನೂ ಹಿರಿಯರು ನೆನೆಯುತ್ತಾರೆ. ಕಾಗದದ ಒಂದು ಹಲ್ಲಿನಿಂದ ಇನ್ನೊಂದಕ್ಕೆ ಒಂದು ಹೊತ್ತಿನ ಮದ್ದು. ಅಕ್ಷರ ಬಾರದವರಿಗಾಗಿ ಗುರುತುಬರಹವನ್ನು ಬರಹವಿಲ್ಲದೆಯೇ ಗುರುತಾಗಿ ಮಾಡಿದ ಈ ಉಪಾಯವು, ಆ ಅಂಗದ ಮೂಲ ಅರ್ಥಕ್ಕೆ ಬಹು ಸಮೀಪವಾದದ್ದು.

ಅಂದಿನ ವಿದ್ಯಾರ್ಥಿಗಳ ತಪ್ಪುಗಳು

ಈ ಚೀಟಿಯಲ್ಲಿ ಬಹು ಸಣ್ಣ ಪದವೆಂದರೆ ‘ಆಡ್’. ಅದಕ್ಕೆ ‘ಅಷ್ಟರವರೆಗೆ’ ಎಂದು ಅರ್ಥ. ವಿದ್ಯಾರ್ಥಿಯು ಅದನ್ನು ಬಿಟ್ಟು ‘ಪೆಪ್ಪರ್‌ಮಿಂಟಿನ ನೀರು ಅರ್ಧ ಔನ್ಸು’ ಎಂದು ಬರೆದನೆನ್ನೋಣ. ಆಗ ಪ್ರತಿ ಹೊತ್ತಿಗೂ 15 ಮಿನಿಂ ಸ್ಪಿರಿಟು, 20 ಮಿನಿಂ ಟಿಂಕ್ಚರು, ಇವುಗಳ ಮೇಲೆ 240 ಮಿನಿಂ ನೀರು ಸೇರಿ 275 ಮಿನಿಂ ಆಗುತ್ತದೆ. ಹನ್ನೆರಡು ಹೊತ್ತಿಗೆ ಕೂಡಿಸಿದರೆ ಆರು ಔನ್ಸಿನ ಸೀಸೆಯಲ್ಲಿ ಏಳು ಡ್ರಾಮಿನಷ್ಟು ಮಿಕ್ಕುತ್ತದೆ. ರೋಗಿ ಮಾತ್ರ ಗುರುತಿನ ಪ್ರಕಾರ ಅರ್ಧ ಔನ್ಸನ್ನೇ ಕುಡಿಯುವನಾದ್ದರಿಂದ ಅವನಿಗೆ ಸಲ್ಲುವುದು ಉದ್ದೇಶಿಸಿದ ಪ್ರಮಾಣದ ನೂರಕ್ಕೆ 87 ಭಾಗ. ಸೋಡದ ವಿಷಯದಲ್ಲಿ ಇದರಿಂದ ಅಪಾಯವಿಲ್ಲ. ಆದರೆ ಕೆಳಬರಹದ ‘ಆರು ಔನ್ಸು’ ಎಂಬ ಅಂಕಿ ಇದ್ದುದರಿಂದಲೇ ಕಂಪೌಂಡರಿಗೆ ತಪ್ಪು ಗೊತ್ತಾಗುತ್ತಿತ್ತು ಎಂಬುದನ್ನು ಗಮನಿಸಬೇಕು. ಸೀಸೆ ತುಂಬಿ ಹೊರಚೆಲ್ಲಿದಾಗ ಒಳಬರಹವು ಸರಿಯಿಲ್ಲವೆಂದು ಕೆಳಬರಹವು ಸಾಕ್ಷಿ ಹೇಳುತ್ತಿತ್ತು.

ಎರಡನೆಯ ತಪ್ಪು ಇದಕ್ಕಿಂತ ಗಂಭೀರವಾದದ್ದು. ಒಳಬರಹದ ಅಂಕಿಗಳು ಒಂದು ಹೊತ್ತಿನವೋ ಇಡೀ ಸೀಸೆಯವೋ ಎಂಬುದರಲ್ಲಿ ಎರಡು ಪದ್ಧತಿಗಳಿದ್ದುವು. ನಮ್ಮ ಮಾದರಿಯಲ್ಲಿ ವಾಹಕದ ಸಾಲಿನಲ್ಲಿ ‘ಆಡ್ ಅರ್ಧ ಔನ್ಸು’ ಎಂದಿರುವುದರಿಂದ ಅವು ಒಂದು ಹೊತ್ತಿನವೆಂದು ತಿಳಿಯುತ್ತದೆ. ವಿದ್ಯಾರ್ಥಿಯು ಅಲ್ಲಿ ‘ಆಡ್ ಆರು ಔನ್ಸು’ ಎಂದು ಬರೆದು, ಮೇಲಿನ ಅಂಕಿಗಳನ್ನು ಹಾಗೆಯೇ ಉಳಿಸಿದರೆ ಮದ್ದಿನ ಬಲ ಹನ್ನೆರಡನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಇದಕ್ಕೆ ವಿಪರ್ಯಯವಾಗಿ ಸೀಸೆಯ ಒಟ್ಟು ಮೊತ್ತವನ್ನು ಒಂದು ಹೊತ್ತಿನ ಮೊತ್ತವೆಂದು ತಿಳಿದರೆ ಹನ್ನೆರಡು ಪಟ್ಟು ಏರುತ್ತದೆ. ಸೋಡದ ಬದಲು ನಕ್ಸ್‌ವಾಮಿಕದ ಟಿಂಕ್ಚರಿನಂಥ ವಿಷದ್ರವ್ಯವಿದ್ದಲ್ಲಿ ಪರಿಣಾಮವೇನೆಂದು ಊಹಿಸಬಹುದು.

ಮೂರನೆಯದು ಚಿಹ್ನೆಗಳ ತಪ್ಪು. ಡ್ರಾಮಿಗೆ ʒ ಎಂಬ, ಮೂರರ ಅಂಕಿಯಂಥ ಗುರುತು; ಅದರ ತಲೆಯ ಮೇಲೆ ಇನ್ನೊಂದು ಕೊಂಡಿ ಸೇರಿದರೆ ℥, ಎಂದರೆ ಔನ್ಸು. ಲೇಖನಿಯ ಒಂದು ತಿರುವಿನಲ್ಲಿ ಎಂಟು ಪಟ್ಟಿನ ವ್ಯತ್ಯಾಸ. ಭಾರತದಲ್ಲಿ 1956ರ ತೂಕ ಮತ್ತು ಅಳತೆಗಳ ಪ್ರಮಾಣ ಅಧಿನಿಯಮದಿಂದ ದಶಮಾನ ಪದ್ಧತಿ ಬಂದಮೇಲೆ ಈ ಚಿಹ್ನೆಗಳು ಮರೆಯಾದುವು. ಆದರೆ ಎರಡು ಪದ್ಧತಿಗಳು ಜೊತೆಯಾಗಿದ್ದಲ್ಲಿ ಗ್ರೇನಿನ ಸಂಕ್ಷೇಪವನ್ನು ಗ್ರಾಮೆಂದು ಓದುವ ಅಪಾಯವಿತ್ತು. ಒಂದು ಗ್ರಾಮಿಗೆ ಹದಿನೈದು ಗ್ರೇನಿಗಿಂತ ತುಸು ಹೆಚ್ಚು. ಅಳತೆ ಬದಲಾದರೆ ತಪ್ಪು ಅಳಿಯುವುದಿಲ್ಲ, ತಪ್ಪಿನ ಪ್ರಮಾಣ ಮಾತ್ರ ಬದಲಾಗುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಸಂಕ್ಷೇಪಗಳು

ಗುರುತುಬರಹದಲ್ಲಿ ಬರುವ ಸಂಕ್ಷೇಪಗಳು ಇಂದಿಗೂ ಬಳಕೆಯಲ್ಲಿವೆ. ಒ.ಡಿ. ಎಂದರೆ ‘ಓಮ್ನಿ ಡಿಯೆ’, ದಿನಕ್ಕೊಮ್ಮೆ. ಬಿ.ಡಿ. ಎಂದರೆ ‘ಬಿಸ್ ಡಿಯೆ’, ಎರಡು ಬಾರಿ. ಟಿ.ಡಿ.ಎಸ್. ಎಂದರೆ ‘ಟೆರ್ ಡಿಯೆ ಸುಮೆಂಡುಂ’, ದಿನಕ್ಕೆ ಮೂರು ಬಾರಿ ತೆಗೆದುಕೊಳ್ಳತಕ್ಕದ್ದು. ಎ.ಸಿ. ಊಟಕ್ಕೆ ಮುಂಚೆ, ಪಿ.ಸಿ. ಊಟವಾದ ಮೇಲೆ, ಎಚ್.ಎಸ್. ಮಲಗುವ ಹೊತ್ತಿಗೆ, ಸ್ಟಾಟ್ ಕೂಡಲೆ. ಎಸ್.ಒ.ಎಸ್. ಎಂಬುದು ‘ಸಿ ಓಪುಸ್ ಸಿಟ್’, ಅಗತ್ಯಬಿದ್ದರೆ. ಇದಕ್ಕೂ ಹಡಗಿನವರ ಅಪಾಯದ ಕರೆಗೂ ಸಂಬಂಧವಿಲ್ಲ. ವಿದ್ಯಾರ್ಥಿಗಳು ಎರಡನ್ನೂ ಒಂದೆಂದು ತಿಳಿದು ‘ತುರ್ತಾಗಿ’ ಎಂದು ಅರ್ಥಮಾಡುವುದುಂಟು. ತುರ್ತಿನ ಮಾತು ಸ್ಟಾಟ್; ಎಸ್.ಒ.ಎಸ್. ಕಾದುನೋಡುವ ಮಾತು.

ಲ್ಯಾಟಿನ್ ಬಲ್ಲ ಇಬ್ಬರ ನಡುವೆ ಈ ಸಂಕ್ಷೇಪಗಳು ಕಾಲವನ್ನೂ ಕಾಗದವನ್ನೂ ಉಳಿಸುತ್ತಿದ್ದುವು. ಅವುಗಳನ್ನು ಬಿಡಿಸಿ ಓದಿ, ರೋಗಿಯ ಭಾಷೆಗೆ ತಿರುಗಿಸಿ, ಸೀಸೆಯ ಮೇಲೆ ಬರೆಯುವುದು ಔಷಧಗಾರನ ಕರ್ತವ್ಯವಾಗಿತ್ತು. ಭಾಷೆ ಮರೆತುಹೋಗಿ ಅಕ್ಷರಗಳು ಮಾತ್ರ ಉಳಿದಾಗ ತೊಡಕು ಹುಟ್ಟಿತು. ನಮ್ಮಲ್ಲಿ ದಿನಕ್ಕೊಮ್ಮೆ ಎಂಬ ಅರ್ಥದ ಒ.ಡಿ. ಎಂಬ ಅಕ್ಷರಗಳೇ ಕಣ್ಣಿನ ವೈದ್ಯರ ಚೀಟಿಯಲ್ಲಿ ‘ಓಕ್ಯುಲುಸ್ ಡೆಕ್ಸ್ಟರ್’, ಎಂದರೆ ಬಲಗಣ್ಣು. ಪೂರ್ಣ ಪದ ಕಣ್ಣಮುಂದಿದ್ದರೆ ಇಂಥ ಗೊಂದಲ ಸಾಧ್ಯವೇ ಇಲ್ಲ.

ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ ಎಂಬ ಸಂಸ್ಥೆ 2004ರಲ್ಲಿ ಬಳಸಬಾರದ ಸಂಕ್ಷೇಪಗಳ ಪಟ್ಟಿಯೊಂದನ್ನು ಜಾರಿಗೆ ತಂದಿತು. ಅದು ಬಹು ಚಿಕ್ಕ ಪಟ್ಟಿ. ಇನ್ಸುಲಿನ್ ಮುಂತಾದವುಗಳ ‘ಯೂನಿಟ್’ ಎಂಬ ಮಾನವನ್ನು ಅದರ ಮೊದಲಿಂಗ್ಲಿಷ್ ಅಕ್ಷರದಿಂದ ಸೂಚಿಸಕೂಡದು. ಆ ಅಕ್ಷರದ ಬಾಯಿ ಮುಚ್ಚಿಕೊಂಡರೆ ಅದು ಸೊನ್ನೆಯಾಗಿ 10 ಯೂನಿಟ್ಟು 100 ಆಗುತ್ತದೆ. ದಶಮಾಂಶದ ಬಲಕ್ಕೆ ಅನಾವಶ್ಯಕ ಸೊನ್ನೆ ಬರೆಯಕೂಡದು; ಚುಕ್ಕಿ ಮಾಸಿದರೆ 5.0 ಎಂಬುದು 50. ದಶಮಾಂಶದ ಎಡಕ್ಕೆ ಸೊನ್ನೆಯನ್ನು ಬಿಡಕೂಡದು, ಚುಕ್ಕಿಯಿಂದಲೇ ಆರಂಭವಾಗುವ.5 ಎಂಬುದನ್ನು 5 ಎಂದು ಓದಬಹುದು. ಮೂರರಲ್ಲಿಯೂ ತಪ್ಪು ಹತ್ತು ಪಟ್ಟಿನದು. ಮೈಕ್ರೋಗ್ರಾಮನ್ನು ಗ್ರೀಕ್ ಅಕ್ಷರದಿಂದ ಸೂಚಿಸಿದಾಗ ಅದು ಮಿಲಿಗ್ರಾಮಿನಂತೆ ಕಾಣಿಸಿದರೆ ತಪ್ಪು ಸಾವಿರ ಪಟ್ಟಿನದು. ಆದ್ದರಿಂದ ಯೂನಿಟ್, ಮೈಕ್ರೋಗ್ರಾಂ ಎಂಬ ಪದಗಳನ್ನು ಪೂರ್ಣವಾಗಿ ಬರೆಯುವುದೇ ಕ್ರಮ.

ನಮ್ಮ ದೇಶದಲ್ಲಿ ಬಳಕೆಗೆ ಬಂದಿರುವ 1-0-1 ಎಂಬ ಬರಹದ ರೀತಿ ಈ ದೃಷ್ಟಿಯಿಂದ ಗಮನಾರ್ಹವಾಗಿದೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದು ಇದರ ಅರ್ಥ. ಇದು ವೈದ್ಯನಿಗೂ ಔಷಧಗಾರನಿಗೂ ರೋಗಿಗೂ ಸಮಾನವಾಗಿ ತಿಳಿಯುವ ಸಂಕೇತ. ಆದರೆ ಅದರ ಮಿತಿಗಳೂ ಇವೆ. ಆರು ಗಂಟೆಗೊಮ್ಮೆ ಎಂಬುದನ್ನು ಅದು ಹೇಳಲಾರದು. ಊಟಕ್ಕೆ ಮುಂಚೆಯೋ ಆಮೇಲೋ, ಎಷ್ಟು ದಿನವೋ ತಿಳಿಸದು. ವಾರಕ್ಕೊಮ್ಮೆ ಮಾತ್ರ ನುಂಗಬೇಕಾದ ಮೀಥೊಟ್ರೆಕ್ಸೇಟಿನಂಥ ಮಾತ್ರೆಗೆ ಅದನ್ನು ಬಳಸಿದರೆ ರೋಗಿ ದಿನವೂ ನುಂಗಿ ಪ್ರಾಣಾಪಾಯಕ್ಕೆ ಒಳಗಾಗಬಹುದು. ಅಂಥಲ್ಲಿ ‘ವಾರಕ್ಕೊಮ್ಮೆ, ಭಾನುವಾರ ಮಾತ್ರ’ ಎಂದು ವಾರದ ಹೆಸರನ್ನೇ ಬರೆಯಬೇಕು.

ಕೂಡಿಸುವ ಕೆಲಸ ನಿಂತಮೇಲೆ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾರ್ಖಾನೆಯಲ್ಲಿ ಸಿದ್ಧವಾದ ಮಾತ್ರೆ, ಕ್ಯಾಪ್ಸೂಲು, ಸೀಸೆಗಳು ಮಿಕ್ಸ್ಚರಿನ ಸ್ಥಾನವನ್ನು ಆಕ್ರಮಿಸಿದುವು. ಆಗ ಚೀಟಿಯ ಅಂಗಗಳಲ್ಲಿ ಮಹತ್ತರವಾದ ಬದಲಾವಣೆಯಾಯಿತು. ಹಲವು ಸಾಲುಗಳ ಒಳಬರಹವು ಒಂದು ಸಾಲಿಗೆ ಇಳಿಯಿತು. ‘ಕಲಸು’ ಎಂಬ ಆಜ್ಞೆಗೆ ಅರ್ಥವಿಲ್ಲದೆ ಹೋಗಿ, ಕೆಳಬರಹದಲ್ಲಿ ‘ಇಷ್ಟು ಕೊಡು’ ಎಂಬ ಅಂಕಿ ಮಾತ್ರ ಉಳಿಯಿತು. ℞ ಎಂಬ ಚಿಹ್ನೆಯ ಗತಿ ಇನ್ನೂ ವಿಚಿತ್ರವಾದದ್ದು. ವೈದ್ಯರ ಚೀಟಿಯಿಲ್ಲದೆ ಮಾರಬಾರದ, ಷೆಡ್ಯೂಲ್ ಎಚ್ ಎಂಬ ಅನುಸೂಚಿಗೆ ಸೇರಿದ ಮದ್ದುಗಳ ಹೊದಿಕೆಯ ಮೇಲೆ, ಎಡಭಾಗದ ಮೇಲ್ತುದಿಯಲ್ಲಿ ಅದನ್ನು ಮುದ್ರಿಸಬೇಕೆಂದು ನಮ್ಮ ನಿಯಮಗಳು ವಿಧಿಸುತ್ತವೆ. ಔಷಧಗಾರನಿಗೆ ‘ತೆಗೆದುಕೊ’ ಎಂದು ಹೇಳುತ್ತಿದ್ದ ಪದವೇ ಈಗ ಕೊಳ್ಳುವವನಿಗೆ ‘ಚೀಟಿಯಿಲ್ಲದೆ ತೆಗೆದುಕೊಳ್ಳಬೇಡ’ ಎಂದು ಹೇಳುವಂತಾಗಿದೆ.

ಹಾಗಾದರೆ ಕಾಯಿದೆಯು ಚೀಟಿಯಲ್ಲಿ ಯಾವುದನ್ನು ಅಪೇಕ್ಷಿಸುತ್ತದೆ? 1940ರ ಔಷಧ ಅಧಿನಿಯಮದಡಿ 1945ರಲ್ಲಿ ರಚಿತವಾದ ನಿಯಮಗಳಲ್ಲಿ 65ನೆಯದು ಇದನ್ನು ಸಂಕ್ಷೇಪವಾಗಿ ಹೇಳುತ್ತದೆ. ಚೀಟಿಯು ಬರಹದಲ್ಲಿರಬೇಕು, ಬರೆದವರ ವಾಡಿಕೆಯ ಸಹಿಯೂ ತಾರೀಖೂ ಇರಬೇಕು, ರೋಗಿಯ ಹೆಸರು ವಿಳಾಸಗಳಿರಬೇಕು, ಕೊಡಬೇಕಾದ ಮದ್ದಿನ ಒಟ್ಟು ಮೊತ್ತವೂ ಒಂದು ಹೊತ್ತಿನ ಪ್ರಮಾಣವೂ ಇರಬೇಕು. ಒಟ್ಟು ಮೊತ್ತವನ್ನೂ ಹೊತ್ತಿನ ಪ್ರಮಾಣವನ್ನೂ ಬೇರೆಬೇರೆಯಾಗಿ ಕೇಳಿರುವುದು ಅರ್ಥಪೂರ್ಣವಾಗಿದೆ. ಹಳೆಯ ಕೆಳಬರಹವನ್ನೂ ಗುರುತುಬರಹವನ್ನೂ ಪರಸ್ಪರ ಸಾಕ್ಷಿಗಳಾಗಿ ಕಾಯಿದೆಯು ಉಳಿಸಿಕೊಂಡಂತಾಯಿತು. ವೈದ್ಯರ ವೃತ್ತಿನಡತೆಯ 2002ರ ನಿಯಮಗಳಿಗೆ 2016ರಲ್ಲಿ ಆದ ತಿದ್ದುಪಡಿಯು, ಮದ್ದಿನ ಸಾಮಾನ್ಯ ನಾಮವನ್ನು ಸ್ಫುಟವಾಗಿ, ಆದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಹೇಳಿತು.

ಇಂದಿನ ತಪ್ಪೊಂದರ ವಿಶ್ಲೇಷಣೆ

ಇಂದಿನ ವಿದ್ಯಾರ್ಥಿಗಳು ಪದೇಪದೇ ಮಾಡುವ ತಪ್ಪೊಂದನ್ನು ವಿವರವಾಗಿ ನೋಡೋಣ. ಹತ್ತು ಕಿಲೋಗ್ರಾಂ ತೂಕದ ಮಗುವಿಗೆ ಜ್ವರ. ವಿದ್ಯಾರ್ಥಿಯು ‘ಪ್ಯಾರಸಿಟಮಾಲ್ ಸಿರಪ್, 5 ಮಿ.ಲೀ., ಎಸ್.ಒ.ಎಸ್.’ ಎಂದು ಬರೆಯುತ್ತಾನೆ. ನೋಡಲು ಈ ಸಾಲು ಪೂರ್ಣವಾಗಿಯೇ ಇದೆ. ಆದರೆ ಅಂಗಡಿಯಲ್ಲಿ ಈ ಮದ್ದು ಒಂದೇ ಪ್ರಬಲತೆಯಲ್ಲಿ ದೊರೆಯುವುದಿಲ್ಲ. ಐದು ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಇರುವ ಸೀಸೆಯುಂಟು. ಅಷ್ಟರಲ್ಲಿಯೇ 250 ಮಿಲಿಗ್ರಾಂ ಇರುವುದುಂಟು. ಶಿಶುಗಳಿಗೆ ಹನಿಯಾಗಿ ಕೊಡುವ, ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಇರುವ ಚಿಕ್ಕ ಸೀಸೆಯೂ ಉಂಟು. ಐದು ಮಿಲಿಲೀಟರಿನಲ್ಲಿ ಮಗುವಿಗೆ ಸಲ್ಲುವುದು ಮೊದಲನೆಯದರಿಂದ 125, ಎರಡನೆಯದರಿಂದ 250, ಮೂರನೆಯದರಿಂದ 500 ಮಿಲಿಗ್ರಾಂ. ತೂಕಕ್ಕೆ ಹಂಚಿದರೆ ಕಿಲೋಗ್ರಾಮಿಗೆ ಕ್ರಮವಾಗಿ 12.5, 25, 50 ಮಿಲಿಗ್ರಾಂ. ವಾಡಿಕೆಯ ಪ್ರಮಾಣ ಒಂದು ಹೊತ್ತಿಗೆ ಕಿಲೋಗ್ರಾಮಿಗೆ 10ರಿಂದ 15 ಮಿಲಿಗ್ರಾಂ. ಒಂದೇ ಚೀಟಿಯ ಮೇಲೆ ಒಂದು ಮಗು ಸರಿಯಾದ ಪ್ರಮಾಣವನ್ನೂ ಇನ್ನೊಂದು ಅದರ ನಾಲ್ಕು ಪಟ್ಟನ್ನೂ ಕುಡಿಯಬಹುದು. ಎಸ್.ಒ.ಎಸ್. ಎಂದು ಮಾತ್ರ ಹೇಳಿ ಅಂತರವನ್ನೂ ಮಿತಿಯನ್ನೂ ಹೇಳದಿರುವುದರಿಂದ, ಜ್ವರ ಇಳಿಯದ ರಾತ್ರಿಯಲ್ಲಿ ಕಳವಳಗೊಂಡ ತಾಯಿ ಎರಡು ಗಂಟೆಗೊಮ್ಮೆ ಕುಡಿಸಬಹುದು. ಪ್ಯಾರಸಿಟಮಾಲಿನ ಅತಿಪ್ರಮಾಣವು ಯಕೃತ್ತನ್ನು ಹಾಳುಮಾಡುತ್ತದೆ. ಮೊದಲ ದಿನ ಅದರ ಲಕ್ಷಣಗಳು ಅಷ್ಟಾಗಿ ಕಾಣಿಸಿಕೊಳ್ಳದಿರುವುದು ಅಪಾಯವನ್ನು ಹೆಚ್ಚಿಸುತ್ತದೆ.

ಇದೇ ಚೀಟಿಯನ್ನು ಅಂಗಗಳ ಪ್ರಕಾರ ಬರೆಯುವುದು ಹೀಗೆ. ಮೊದಲು ತಾರೀಖು, ಮಗುವಿನ ಹೆಸರು, ವಿಳಾಸ, ವಯಸ್ಸು, ತೂಕ 10 ಕಿಲೋಗ್ರಾಂ. ಬಳಿಕ ಮೇಲ್ಬರಹ. ಒಳಬರಹ: ಪ್ಯಾರಸಿಟಮಾಲ್ ಬಾಯಿಯ ದ್ರಾವಣ, 5 ಮಿ.ಲೀ.ನಲ್ಲಿ 125 ಮಿಲಿಗ್ರಾಂ. ಕೆಳಬರಹ: 60 ಮಿ.ಲೀ.ನ ಒಂದು ಸೀಸೆ ಕೊಡಿ. ಗುರುತುಬರಹ: ಜ್ವರವಿದ್ದಾಗ ಮಾತ್ರ 6 ಮಿ.ಲೀ. ಕುಡಿಸುವುದು, ಎರಡು ಸಲದ ನಡುವೆ ಕನಿಷ್ಠ ಆರು ಗಂಟೆಯ ಅಂತರವಿರಲಿ, ಒಂದು ದಿನದಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ, ಸೀಸೆಯ ಜೊತೆಯ ಅಳತೆಯ ಲೋಟದಿಂದಲೇ ಅಳೆಯಿರಿ. ಕೊನೆಗೆ ಸಹಿ, ವೈದ್ಯರ ಹೆಸರು, ನೋಂದಣಿ ಸಂಖ್ಯೆ.

ಈಗ ತಾಳೆ ನೋಡೋಣ. ಆರು ಮಿಲಿಲೀಟರಿನಲ್ಲಿ 150 ಮಿಲಿಗ್ರಾಂ. ಹತ್ತು ಕಿಲೋಗ್ರಾಂ ತೂಕಕ್ಕೆ ಕಿಲೋಗ್ರಾಮಿಗೆ 15. ಸೀಸೆಯಲ್ಲಿ ಹತ್ತು ಹೊತ್ತಿನ ಮದ್ದಿದೆ. ದಿನಕ್ಕೆ ನಾಲ್ಕರಂತೆ ಎರಡೂವರೆ ದಿನ. ಔಷಧಗಾರನು ಕೈತಪ್ಪಿ ಹನಿಯ ಸೀಸೆಯನ್ನು ತೆಗೆದರೂ ಪ್ರಬಲತೆ, ಸೀಸೆಯ ಗಾತ್ರ ಎರಡೂ ಚೀಟಿಯೊಡನೆ ಹೊಂದುವುದಿಲ್ಲ. ತೂಕ ಬರೆದಿರುವುದರಿಂದ ವೈದ್ಯನ ಲೆಕ್ಕವನ್ನೇ ಔಷಧಗಾರನು ಮತ್ತೊಮ್ಮೆ ಮಾಡಬಲ್ಲನು. ಗುರುತುಬರಹದಲ್ಲಿ ಒಂದು ಸಂಕ್ಷೇಪವೂ ಇಲ್ಲದಿರುವುದರಿಂದ ತಾಯಿಯೂ ತಾಳೆ ನೋಡಬಲ್ಲಳು.

ಸಾಕ್ಷಿಗಳನ್ನು ಕೇಳದಿದ್ದರೆ

ಅಂಗಗಳ ಈ ಪರಸ್ಪರ ಸಾಕ್ಷ್ಯವನ್ನು ನ್ಯಾಯಾಲಯವೊಂದು ತೂಗಿನೋಡಿದ ಪ್ರಸಂಗ ಇಂಗ್ಲೆಂಡಿನಲ್ಲಿ ನಡೆಯಿತು. ಆಸ್ತಮಾ ರೋಗಿಯೊಬ್ಬನಿಗೆ ವೈದ್ಯರು ಎದೆಯ ಸೋಂಕಿಗಾಗಿ ಅಮಾಕ್ಸಿಲ್ ಎಂಬ ಪ್ರತಿಜೀವಕವನ್ನು ಬರೆದಿದ್ದರು. ಔಷಧಗಾರನು ಅದನ್ನು ಡಾವೊನಿಲ್ ಎಂದು ಓದಿ ಮಧುಮೇಹದ ಮಾತ್ರೆಗಳನ್ನು ಕೊಟ್ಟನು. ಮಧುಮೇಹವಿಲ್ಲದ ಆ ರೋಗಿಯ ರಕ್ತದಲ್ಲಿ ಸಕ್ಕರೆ ಕುಸಿದು ಮಿದುಳಿಗೆ ಸರಿಪಡಿಸಲಾಗದ ಹಾನಿಯಾಯಿತು. 1988ರಲ್ಲಿ ಹೈಕೋರ್ಟು ತೀರ್ಪು ನೀಡಿ ಹೊಣೆಯನ್ನು ಹಂಚಿತು: ಅಸ್ಪಷ್ಟವಾಗಿ ಬರೆದ ವೈದ್ಯರಿಗೆ ನೂರಕ್ಕೆ 25, ಔಷಧಗಾರನಿಗೆ 75. ಮೇಲ್ಮನವಿಯಲ್ಲಿಯೂ ಇದು ನಿಂತಿತು.

ಕೆಟ್ಟ ಅಕ್ಷರ ವೈದ್ಯರದಾಗಿರುವಾಗ ಔಷಧಗಾರನಿಗೆ ಮೂರು ಪಾಲು ಏಕೆ? ಹೆಸರೊಂದು ಕೆಟ್ಟಿದ್ದರೂ ಚೀಟಿಯ ಉಳಿದ ಭಾಗಗಳು ನಿಜವನ್ನು ಹೇಳುತ್ತಿದ್ದುವು ಎಂಬುದೇ ಕಾರಣ. ಬರೆದಿದ್ದ ಪ್ರಬಲತೆಯೂ ದಿನಕ್ಕೆ ಮೂರು ಬಾರಿ ಎಂಬ ಸೂಚನೆಯೂ ಡಾವೊನಿಲ್ಲಿಗೆ ಒಪ್ಪುತ್ತಿರಲಿಲ್ಲ. ಮಾತ್ರೆಗಳ ಸಂಖ್ಯೆಯೂ ಬಹುಕಾಲ ನುಂಗಬೇಕಾದ ಮಧುಮೇಹದ ಮದ್ದಿಗೆ ತೀರ ಕಡಮೆಯಾಗಿತ್ತು. ಅಷ್ಟೇ ಅಲ್ಲದೆ ಅಲ್ಲಿ ಮಧುಮೇಹಿಗಳಿಗೆ ಚೀಟಿಯ ಶುಲ್ಕ ಮಾಫಿಯಿರುವಾಗ ಈ ರೋಗಿ ಶುಲ್ಕ ಕೊಟ್ಟಿದ್ದನು. ಇಷ್ಟು ಸಾಕ್ಷಿಗಳಿದ್ದರೂ ಅವನು ಅವುಗಳನ್ನು ಕೇಳಲಿಲ್ಲ.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಆ ಚೀಟಿಯಲ್ಲಿ ಪ್ರಬಲತೆ, ಸಂಖ್ಯೆ, ಹೊತ್ತುಗಳು ಬರೆದಿದ್ದುದರಿಂದಲೇ ನ್ಯಾಯಾಲಯವು ಔಷಧಗಾರನನ್ನು ಪ್ರಶ್ನಿಸಲು ಸಾಧ್ಯವಾಯಿತು. ನಮ್ಮ ವಿದ್ಯಾರ್ಥಿಯ ‘ಸಿರಪ್, 5 ಮಿ.ಲೀ., ಎಸ್.ಒ.ಎಸ್.’ ಎಂಬ ಸಾಲಿನಲ್ಲಿ ಔಷಧಗಾರನು ಕೇಳಬೇಕೆಂದರೂ ಸಾಕ್ಷಿಗಳಿಲ್ಲ. ಇಂದು ಗಣಕಯಂತ್ರದಲ್ಲಿ ಅಚ್ಚಾಗಿ ಬರುವ ಚೀಟಿಗಳಲ್ಲಿ ಅಕ್ಷರದ ದೋಷವಿಲ್ಲ; ಆದರೆ ಪಟ್ಟಿಯಿಂದ ಪಕ್ಕದ ಹೆಸರನ್ನು ಆರಿಸಿಬಿಡುವ ದೋಷವುಂಟು. ಸ್ಫುಟವಾಗಿ ಅಚ್ಚಾದ ತಪ್ಪು ಹೆಸರನ್ನು ಅನುಮಾನಿಸಲು ಓದುವವನಿಗೆ ಉಳಿಯುವ ಆಧಾರ, ಅದರ ಕೆಳಗಿನ ಪ್ರಮಾಣ, ಹೊತ್ತು, ಒಟ್ಟು ಮೊತ್ತಗಳೇ.

ಚೀಟಿಯನ್ನು ಕಲಿಸುವ ಅಧ್ಯಾಪಕರು ಅಂಗಗಳ ಹೆಸರನ್ನು ಕೇಳುವುದರ ಜೊತೆಗೆ, ವಿದ್ಯಾರ್ಥಿ ಬರೆದ ಚೀಟಿಯನ್ನು ಇನ್ನೊಬ್ಬ ವಿದ್ಯಾರ್ಥಿಯ ಕೈಗೆ ಕೊಟ್ಟು ಎರಡು ಪ್ರಶ್ನೆ ಕೇಳಬಹುದು: ಈ ಮದ್ದು ಎಷ್ಟು ದಿನ ಬರುತ್ತದೆ? ರೋಗಿಗೆ ಒಂದು ಹೊತ್ತಿಗೆ ಎಷ್ಟು ಮಿಲಿಗ್ರಾಂ ಸಲ್ಲುತ್ತದೆ? ಬರೆದವನನ್ನು ಕೇಳದೆ ಇವೆರಡಕ್ಕೂ ಉತ್ತರ ಹೇಳಲು ಬಂದರೆ ನಾಲ್ಕು ಅಂಗಗಳೂ ತಮ್ಮ ಸ್ಥಾನದಲ್ಲಿವೆ. ಬಾರದಿದ್ದರೆ, ಯಾವ ಉತ್ತರ ನಿಂತಿತೋ ಅದೇ ಬಿಟ್ಟುಹೋದ ಅಂಗವನ್ನು ತೋರಿಸಿಕೊಡುತ್ತದೆ.